ಯಾವ ವಿಡಿಯೊಗೆ ಯಾವಾಗ ಡಂಗುರ?

ಬಸವನಗುಡಿಯ ಒಂದು ಸುಗಮ ಸಂಗೀತ ತಂಡ ಎಂದುಕೊಳ್ಳಿ. ಅವರ ಯೂಟ್ಯೂಬ್ ಚಾನೆಲ್‌ಗೆ ಎರಡು ಸಾವಿರದಷ್ಟು ಸಬ್‌ಸ್ಕ್ರೈಬರ್‌ಗಳು. ದಾಸರ ಪದವೊಂದನ್ನು ಹಾಡಿ, ಚಿತ್ರೀಕರಿಸಿ, ಎಡಿಟ್ ಮುಗಿಸಿ ಇಟ್ಟುಕೊಂಡಿದ್ದಾರೆ. ಅದನ್ನು ಪ್ರೀಮಿಯರ್ ಮಾಡಬೇಕು, ಅಂದರೆ ಗೊತ್ತುಮಾಡಿದ ಗಂಟೆಗೆ ಎಲ್ಲರೂ ಒಟ್ಟಿಗೆ ನೋಡುವಂತೆ ಬಿಡುಗಡೆ ಮಾಡಬೇಕು. ಎರಡು ವಾರ ಬಿಟ್ಟು ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಕಾರ್ಯಕ್ರಮವಿದೆ, ಅದು ಲೈವ್ ಹೋಗಬೇಕು. ಜೊತೆಗೆ ನಾಲ್ಕೈದು ಶಾರ್ಟ್ಸ್. ಇಂಥ ತಂಡಗಳು ಮಾಡುವುದು ಸಾಮಾನ್ಯವಾಗಿ ಒಂದೇ ಕೆಲಸ: ಒಂದು ಪೋಸ್ಟರ್ ಮಾಡಿಸಿ, ‘ತಪ್ಪದೇ ನೋಡಿ, ಹಂಚಿ’ ಎಂದು ಬರೆದು ಎಲ್ಲ ವಾಟ್ಸ್ಆ್ಯಪ್ ಗ್ರೂಪುಗಳಿಗೂ ಹಾಕುವುದು. ಪೋಸ್ಟರ್ ಎಷ್ಟೇ ಚೆನ್ನಾಗಿರಲಿ, ಮೂರಕ್ಕೂ ಅದೇ ಸಾಲದು. ಪ್ರೀಮಿಯರ್‌ಗೆ ದಿನ, ಗಂಟೆ ಮುಖ್ಯ. ಲೈವ್‌ಗೆ ಆ ಹೊತ್ತಿನಲ್ಲಿ ವೇದಿಕೆಯ ಮೇಲೆ ಏನು ನಡೆಯುತ್ತಿದೆ ಎಂಬುದು ಮುಖ್ಯ. ಶಾರ್ಟ್ಸ್‌ಗಂತೂ ದಿನಾಂಕ ಸೋಕಲೇಬಾರದು.

ಪ್ರೀಮಿಯರ್: ಮೊದಲೇ ಮುಗಿಸುವ ಕೆಲಸ

ವಿಡಿಯೊವನ್ನು ನಾಲ್ಕೈದು ದಿನ ಮೊದಲೇ ಅಪ್‌ಲೋಡ್ ಮಾಡಿ. ಕಾಪಿರೈಟ್ ತಕರಾರು ಇದ್ದರೆ ಅಪ್‌ಲೋಡ್ ಹಂತದಲ್ಲೇ ತೋರುತ್ತದೆ, ಸರಿಪಡಿಸಲು ಸಮಯ ಸಿಗುತ್ತದೆ. ದಾಸರ ಪದದ ಸಾಹಿತ್ಯಕ್ಕೆ ಯಾರ ಹಕ್ಕೂ ಇಲ್ಲ, ನಿಜ. ಆದರೆ ಬೇರೆಯವರು ರೆಕಾರ್ಡ್ ಮಾಡಿದ ಟ್ರ್ಯಾಕ್ ಮೇಲೆ ಹಾಡಿದ್ದರೆ ಆ ಟ್ರ್ಯಾಕಿಗೆ ಇರುತ್ತದೆ. ನಂತರ ಶೆಡ್ಯೂಲ್ ಮಾಡುವ ಪುಟದಲ್ಲಿ Set as Premiere ಆರಿಸಿ ದಿನ, ಗಂಟೆ ಕೊಡಿ. ವಿಡಿಯೊ ಇನ್ನೂ ಬಾರದಿದ್ದರೂ ಅದರ ಪುಟ, ಲಿಂಕ್ ಎರಡೂ ಆಗಲೇ ಸಿದ್ಧ.

ಲಿಂಕ್ ಸಿಕ್ಕಿತೆಂದು ತಕ್ಷಣ ಹಂಚಬೇಡಿ. ಮೊದಲು ಥಂಬ್‌ನೇಲ್ ಮತ್ತು ಶೀರ್ಷಿಕೆ ಅಂತಿಮವಾಗಲಿ. ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಹಾಕಿದಾಗ ಮೂಡುವ ಚಿತ್ರ ಆ ಕ್ಷಣದ ಥಂಬ್‌ನೇಲ್. ನೀವು ಆಮೇಲೆ ಬದಲಿಸಿದರೂ ಕಳಿಸಿದ ಮೆಸೇಜಿನಲ್ಲಿ ಹಳೆಯದೇ ಉಳಿಯುತ್ತದೆ. ಲಿಂಕ್ ಪೇಸ್ಟ್ ಮಾಡಿದ ಮೇಲೆ ಚಿತ್ರ ಮೂಡುವವರೆಗೆ ಕಾದು ಕಳಿಸಿ. ಬರೀ ನೀಲಿ ಅಕ್ಷರದ ಲಿಂಕನ್ನು ನಮ್ಮ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಯಾರೂ ಒತ್ತುವುದಿಲ್ಲ.

ಗಂಟೆ ಆರಿಸುವುದು ಅರ್ಧ ಪ್ರಚಾರ. ಭಾನುವಾರ ಸಂಜೆ 7 ಎಂದರೆ ಬೆಂಗಳೂರಿನ ಮನೆಗಳಲ್ಲಿ ಹಿರಿಯರು ಬಿಡುವಾಗಿರುತ್ತಾರೆ, ನ್ಯೂಜೆರ್ಸಿಯ ನೆಂಟರಿಗೆ ಬೆಳಗಿನ ಹೊತ್ತು. ಕ್ಯಾಲಿಫೋರ್ನಿಯಾದವರು ಇನ್ನೂ ಹಾಸಿಗೆ ಬಿಟ್ಟಿರುವುದಿಲ್ಲ. ಅಲ್ಲಿನವರೇ ಹೆಚ್ಚಿದ್ದರೆ ನಮ್ಮ ಬೆಳಗಿನ 10 ವಾಸಿ, ಅವರಿಗದು ಹಿಂದಿನ ರಾತ್ರಿ. ಐಪಿಎಲ್ ಕಾಲದಲ್ಲಿ ಪಟ್ಟಿ ನೋಡಿಯೇ ದಿನ ಗೊತ್ತು ಮಾಡಿ; ಆರ್‌ಸಿಬಿ ಸಂಜೆ ಏಳೂವರೆಗೆ ಆಡುವ ದಿನ ಈ ಊರಿನಲ್ಲಿ ಪ್ರೀಮಿಯರ್ ಇಟ್ಟವರಿಗೆ ದೇವರೇ ಗತಿ.

ಇನ್ನು ಏನನ್ನು ಕೇಳಬೇಕು? ‘ಸಬ್‌ಸ್ಕ್ರೈಬ್ ಮಾಡಿ’ ಅಲ್ಲ. ‘ಈ ಲಿಂಕ್ ತೆರೆದು Notify me ಒತ್ತಿ’ ಎಂದು ಕೇಳಿ. ಒತ್ತಿದವರಿಗೆ ಶುರುವಾಗುವ ಅರ್ಧ ಗಂಟೆ ಮೊದಲು ಒಮ್ಮೆ, ಶುರುವಾದಾಗ ಇನ್ನೊಮ್ಮೆ ಯೂಟ್ಯೂಬೇ ನೆನಪಿಸುತ್ತದೆ. ಆ ದಿನ ನೀವು ಇಪ್ಪತ್ತು ಗ್ರೂಪುಗಳಲ್ಲಿ ‘ಶುರುವಾಯ್ತು’ ಎಂದು ಕೂಗುವ ಕೆಲಸ ತಪ್ಪುತ್ತದೆ.

ಒಂದು ಮಿತಿ ಹೇಳಲೇಬೇಕು. ಪ್ರೀಮಿಯರ್‌ನಲ್ಲಿ ಪಕ್ಕದಲ್ಲಿ ಲೈವ್ ಚಾಟ್ ಇರುತ್ತದೆ, ಎಷ್ಟು ಜನ ನೋಡುತ್ತಿದ್ದಾರೆ ಎಂಬುದೂ ಕಾಣುತ್ತದೆ. ಹತ್ತು ಜನ ಕೂತು, ಚಾಟ್ ಮೌನವಾಗಿದ್ದರೆ ಬಂದವರಿಗೂ ಮುಜುಗರ. ಗಂಟೆಗೆ ಸರಿಯಾಗಿ ಬರಬಲ್ಲ ಐವತ್ತು ಜನರಾದರೂ ಇಲ್ಲವೆನಿಸಿದರೆ ಸುಮ್ಮನೆ ಪಬ್ಲಿಷ್ ಮಾಡಿ. ಪ್ರೀಮಿಯರ್ ಮಾಡುವುದಾದರೆ ಹಾಡಿದವರೇ ಚಾಟ್‌ನಲ್ಲಿ ಕೂತು ಉತ್ತರಿಸಲಿ. ಜನ ಗಂಟೆ ನೋಡಿಕೊಂಡು ಬರುವುದಕ್ಕೆ ಅದೇ ಕಾರಣ.

ಲೈವ್: ನಡೆಯುವಾಗಲೂ ಕೂಗಬೇಕು

ಚಾನೆಲ್‌ನಿಂದ ಮೊದಲ ಸಲ ಲೈವ್ ಹೋಗುವವರು ಫೋನ್ ನಂಬರ್ ದೃಢೀಕರಿಸಿ ಲೈವ್ ಸೌಲಭ್ಯಕ್ಕೆ ಮೊದಲೇ ಕೇಳಿಕೊಳ್ಳಬೇಕು. ಅದು ಸಿಗಲು 24 ಗಂಟೆಯವರೆಗೂ ಹಿಡಿಯಬಹುದು. ಆಮೇಲೆ ಕಾರ್ಯಕ್ರಮವನ್ನು ಶೆಡ್ಯೂಲ್ ಮಾಡಿ, ಸಿಕ್ಕ ಲಿಂಕನ್ನು ಆಹ್ವಾನ ಪತ್ರಿಕೆಯಲ್ಲಿ ಹಾಕಿ. ಇಲ್ಲಿಯವರೆಗೆ ಪ್ರೀಮಿಯರ್‌ನಂತೆಯೇ.

ಎಡವುವುದು ಕಾರ್ಯಕ್ರಮದ ದಿನ. ಸಭಾಂಗಣದ ಗಡಿಬಿಡಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಹುಡುಗ ಶೆಡ್ಯೂಲ್ ಮಾಡಿದ್ದನ್ನು ತೆರೆಯದೆ ಹೊಸ ಲೈವ್ ಒಂದನ್ನು ಶುರುಮಾಡಿಬಿಡುತ್ತಾನೆ. ಹೊಸ ಲೈವ್ ಎಂದರೆ ಹೊಸ ಲಿಂಕ್. ಒಳಗೆ ತಬಲಾ ಶುರುವಾಗಿದೆ, ಆಹ್ವಾನದ ಲಿಂಕ್ ಹಿಡಿದವರಿಗೆ ಮಾತ್ರ ‘ನಿರೀಕ್ಷಿಸಿ’ ಎಂಬ ಫಲಕ. ಇದನ್ನು ಹಿಡಿಯುವ ದಾರಿ ಸುಲಭ. ಹತ್ತು ನಿಮಿಷ ಮೊದಲೇ ಖಾಲಿ ವೇದಿಕೆಯನ್ನು ತೋರಿಸುತ್ತ ಲೈವ್ ಆರಂಭಿಸಿ, ತಂಡಕ್ಕೆ ಸೇರದ ಒಬ್ಬರ ಫೋನಿನಲ್ಲಿ, ಸಭಾಂಗಣದ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಆಹ್ವಾನದ ಲಿಂಕನ್ನೇ ಒತ್ತಿ ನೋಡಿ. ವೇದಿಕೆ ಕಂಡರೆ ಸರಿ.

ಕಾರ್ಯಕ್ರಮ ಶುರುವಾದ ಮೇಲೆ ಪ್ರಚಾರಕ್ಕೆಂದೇ ಒಬ್ಬರು ಬೇಕು, ಹಾಡುವವರಲ್ಲದವರು. ‘ನಾವು ಲೈವ್‌ನಲ್ಲಿದ್ದೇವೆ’ ಎಂಬ ಮೆಸೇಜಿಗೆ ಬೆಲೆ ಇಲ್ಲ. ‘ಈಗ ಕೊಳಲು–ತಬಲಾ ಜುಗಲ್‌ಬಂದಿ, ಇನ್ನು ಹತ್ತು ನಿಮಿಷದಲ್ಲಿ ಮಕ್ಕಳ ಗಾಯನ’ ಎಂದು ಲಿಂಕ್ ಸಮೇತ ಹಾಕಿದರೆ ಆ ಮಕ್ಕಳ ಅಜ್ಜಿ ತಾತಂದಿರಾದರೂ ಬರುತ್ತಾರೆ. ಎಲ್ಲ ಗ್ರೂಪಿಗೂ ಪದೇ ಪದೇ ಬೇಡ. ಆಯಾ ಭಾಗಕ್ಕೆ ಸಂಬಂಧಪಟ್ಟ ಗ್ರೂಪಿಗೆ ಆಯಾ ಮೆಸೇಜ್ ಸಾಕು. ತಡವಾಗಿ ಬಂದವರಿಗೆಂದು ಚಾಟ್‌ನ ಮೇಲ್ಭಾಗದಲ್ಲಿ ಒಂದು ಸಾಲು ಪಿನ್ ಮಾಡಿಡಿ: ಯಾರು ಹಾಡುತ್ತಿದ್ದಾರೆ, ಮುಂದೆ ಏನು.

12 ಗಂಟೆಗಿಂತ ಕಡಿಮೆಯ ಲೈವ್ ಚಾನೆಲ್‌ನಲ್ಲೇ ಉಳಿಯುತ್ತದೆ. ಮರುದಿನ ಶೀರ್ಷಿಕೆಯಲ್ಲಿರುವ ‘ನೇರಪ್ರಸಾರ’ ತೆಗೆದು, ವಿವರಣೆಯಲ್ಲಿ ಪ್ರತಿ ಹಾಡಿನ ಸಮಯ ಬರೆಯಿರಿ. ಮೊದಲ ಸಾಲು 0:00 ಇರಬೇಕು, ಕನಿಷ್ಠ ಮೂರು ಸಾಲುಗಳಿರಬೇಕು. ಆಗ ಎರಡು ಗಂಟೆಯ ವಿಡಿಯೊ ಹಾಡುಗಳಾಗಿ ಭಾಗವಾಗುತ್ತದೆ, ಬೇಕಾದ ಹಾಡಿಗೆ ನೇರ ಹೋಗಬಹುದು.

ಶಾರ್ಟ್ಸ್: ದಿನಾಂಕ ಬೇಡ

ಶಾರ್ಟ್ಸ್ ಅನ್ನು ಪ್ರೀಮಿಯರ್ ಮಾಡಲಾಗದು, ಮಾಡುವ ಅಗತ್ಯವೂ ಇಲ್ಲ. ಅದನ್ನು ಯಾರೂ ಕಾದು ನೋಡುವುದಿಲ್ಲ. ಬೆರಳು ಜಾರಿಸುತ್ತಿರುವಾಗ ಎದುರಾಗುತ್ತದೆ. ಇಂದು ಹಾಕಿದ್ದು ಮೂರು ವಾರದ ನಂತರ ಓಡಬಹುದು. ಅದರ ಮೇಲೆ ‘ಇದೇ ಭಾನುವಾರ ಸಂಜೆ 7ಕ್ಕೆ’ ಎಂದು ಬರೆದಿದ್ದರೆ ಅಷ್ಟೊತ್ತಿಗೆ ಹಳಸಿರುತ್ತದೆ. ಆದ್ದರಿಂದ ಅದೇ ತುಣುಕನ್ನು ಎರಡು ಸಲ ಎಕ್ಸ್‌ಪೋರ್ಟ್ ಮಾಡಿ. ದಿನಾಂಕ ಬರೆದದ್ದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ, ಅದು 24 ಗಂಟೆಯಲ್ಲಿ ಹೇಗೂ ಮಾಯ. ದಿನಾಂಕವಿಲ್ಲದ್ದು ಶಾರ್ಟ್ಸ್‌ಗೆ.

ತುಣುಕನ್ನು ಆಲಾಪದಿಂದ ಶುರುಮಾಡಬೇಡಿ. ಪಲ್ಲವಿಯ ಏರುದನಿಯಿಂದಲೇ ಶುರುವಾಗಲಿ. ತಂಡದ ಹೆಸರು, ಲೋಗೊ ಇತ್ಯಾದಿ ಕೊನೆಯಲ್ಲೂ ಬೇಡ. ಸಾಹಿತ್ಯದ ಸಾಲುಗಳನ್ನು ಪರದೆಯ ನಡುವೆ ಇಡಿ, ಕೆಳಗೂ ಬಲಕ್ಕೂ ಇಟ್ಟರೆ ಲೈಕ್, ಕಾಮೆಂಟ್ ಗುಂಡಿಗಳು ಮುಚ್ಚುತ್ತವೆ. ಶಾರ್ಟ್ಸ್ ಈಗ ಮೂರು ನಿಮಿಷದವರೆಗೂ ಇರಬಹುದು. ಆದರೆ ಒಂದು ನಿಮಿಷ ಮೀರಿದ್ದಕ್ಕೆ ಹಕ್ಕಿನ ಕ್ಲೇಮ್ ಬಿದ್ದರೆ ಅದು ಎಲ್ಲಿಯೂ ಓಡದು, ಹಾಗಾಗಿ ಮೂವತ್ತು ನಲವತ್ತು ಸೆಕೆಂಡೇ ಕ್ಷೇಮ.

ಪೂರ್ತಿ ಹಾಡಿನ ಲಿಂಕನ್ನು ಶಾರ್ಟ್ಸ್‌ನ ವಿವರಣೆಯಲ್ಲೋ ಕಾಮೆಂಟ್‌ನಲ್ಲೋ ಹಾಕಿ ಪ್ರಯೋಜನವಿಲ್ಲ. 2023ರಿಂದ ಅಲ್ಲಿನ ಲಿಂಕ್‌ಗಳು ಒತ್ತಿದರೆ ತೆರೆಯುವುದಿಲ್ಲ. ಪ್ರೀಮಿಯರ್ ಮುಗಿದ ಮೇಲೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ಶಾರ್ಟ್ಸ್ ತೆರೆದು Related video ಎಂಬಲ್ಲಿ ಪೂರ್ತಿ ಹಾಡನ್ನು ಆರಿಸಿ. ಕಲಾಸೌಧದ ಕಾರ್ಯಕ್ರಮದಿಂದ ಕತ್ತರಿಸಿದ ತುಣುಕುಗಳಿಗೂ ಹಾಗೆಯೇ, ಅಲ್ಲಿ ಉಳಿದ ಲೈವ್ ವಿಡಿಯೊವನ್ನು ಜೋಡಿಸಿ.

ವಾರದ ಬಳಿಕ ಅಂಕಿ ನೋಡುವಾಗ ಶಾರ್ಟ್ಸ್‌ನ ವ್ಯೂ ಎಣಿಕೆ ಕಂಡು ಹಿಗ್ಗಬೇಡಿ. 2025ರ ಮಾರ್ಚ್ ಕೊನೆಯಿಂದ ತುಣುಕು ಓಡಲು ಶುರುವಾದರೂ ಅದು ಒಂದು ವ್ಯೂ. ಎಷ್ಟು ಜನ ನಿಂತು ನೋಡಿದರು, ಎಷ್ಟು ಜನ ಜಾರಿಸಿದರು ಎಂಬ ಪಾಲು ಅನಲಿಟಿಕ್ಸ್‌ನಲ್ಲೇ ಇದೆ. ಜಾರಿಸಿದವರೇ ಹೆಚ್ಚಿದ್ದರೆ ಹಾಡನ್ನು ದೂರಬೇಡಿ. ಅದೇ ಹಾಡಿನ ಬೇರೆ ಸಾಲಿನಿಂದ ಶುರುವಾಗುವ ಇನ್ನೊಂದು ತುಣುಕು ಹಾಕಿ, ಎರಡರ ಪಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ.