ಎಆರ್‌ಡಿಎಸ್ ರೋಗಿಗೆ ನಾನು ಮೊದಲು ಅಳೆಯುವುದು ಎತ್ತರ

ಎಆರ್‌ಡಿಎಸ್ ಅಂದರೆ ಉರಿಯೂತದಿಂದ ಶ್ವಾಸಕೋಶದಲ್ಲಿ ದ್ರವ ತುಂಬಿ ರಕ್ತಕ್ಕೆ ಆಮ್ಲಜನಕ ಸಾಲದಾಗುವ ಸ್ಥಿತಿ. ಐಸಿಯುನಲ್ಲಿ ಇಂಥ ರೋಗಿಗೆ ವೆಂಟಿಲೇಟರ್ ಸೆಟ್ ಮಾಡುವ ಮೊದಲು ನಾನು ಅಳತೆ ಟೇಪು ಕೇಳುತ್ತೇನೆ. ಶ್ವಾಸಕೋಶದ ಗಾತ್ರ ಹೇಳುವುದು ಎತ್ತರ, ತೂಕವಲ್ಲ. ಮೈ ದಪ್ಪವಾದರೆ ಶ್ವಾಸಕೋಶ ಬೆಳೆಯುವುದಿಲ್ಲ, ಅಲ್ವಾ?

ಅಡಿಕೆ ತೋಟದಲ್ಲಿ ಕೆಲಸ ಮಾಡುವ ಒಬ್ಬರು ಜ್ವರ, ಏದುಸಿರಿನೊಂದಿಗೆ ಬಂದಿದ್ದರು. ಕಂಕುಳಲ್ಲಿ ಕಪ್ಪು ಹಕ್ಕಳೆಗಟ್ಟಿದ ಸಣ್ಣ ಗಾಯ ಕಂಡಿತು. ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಅಂತ ಡಾಕ್ಸಿಸೈಕ್ಲಿನ್ ಶುರು ಮಾಡಿದೆವು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಬೆಳ್ಳಗಿದ್ದವು. ಎಕೋದಲ್ಲಿ ಹೃದಯ ಚೆನ್ನಾಗಿಯೇ ಇತ್ತು. ಅಂದರೆ ಹೃದಯ ಸೋತು ನೀರು ತುಂಬಿದ್ದಲ್ಲ. ಉರಿಯೂತದಿಂದ ಸಣ್ಣ ರಕ್ತನಾಳಗಳೇ ಸೋರುತ್ತಿದ್ದವು. ಗಾಳಿಚೀಲಗಳಲ್ಲಿ ಪ್ರೋಟೀನ್ ತುಂಬಿದ ದ್ರವ ಇತ್ತು.

ವೆಂಟಿಲೇಟರ್‌ನಲ್ಲಿ 80% ಆಮ್ಲಜನಕ ಕೊಟ್ಟರೂ ರಕ್ತದಲ್ಲಿ ಅದರ ಒತ್ತಡ ಬರೀ 58. ಅದನ್ನು 0.8ರಿಂದ ಭಾಗಿಸಿದರೆ 72 ಚಿಲ್ಲರೆ. 100ಕ್ಕಿಂತ ಕಡಿಮೆ ಇದ್ದರೆ ತೀವ್ರ ಎಆರ್‌ಡಿಎಸ್.

ಅವರ ತೂಕ 82 ಕೆ.ಜಿ., ಎತ್ತರ 165 ಸೆಂ.ಮೀ. ಗಂಡಸರಿಗೆ ಎತ್ತರದಿಂದ ತೂಕ ಅಂದಾಜಿಸುವ ಲೆಕ್ಕ ಹೀಗೆ: ಎತ್ತರದಿಂದ 152.4 ಕಳೆದು, 0.91ರಿಂದ ಗುಣಿಸಿ, 50 ಕೂಡಿಸಬೇಕು. ಬಂದದ್ದು 61.5 ಕೆ.ಜಿ. ಕೆ.ಜಿ.ಗೆ 6 ಎಂ.ಎಲ್. ಅಂದರೆ ಒಂದು ಉಸಿರಿಗೆ ಸುಮಾರು 370 ಎಂ.ಎಲ್. ತಕ್ಕಡಿಯ ತೂಕ ನಂಬಿದ್ದರೆ 490 ಹೋಗುತ್ತಿತ್ತು. ಇಂಥ ಶ್ವಾಸಕೋಶದಲ್ಲಿ ತೆರೆದಿರುವ ಭಾಗವೇ ಕಡಿಮೆ. ಜಾಸ್ತಿ ಗಾಳಿ ತಳ್ಳಿದರೆ ಅದೂ ಹಿಗ್ಗಿ ಹಾಳಾಗುತ್ತದೆ, ಸೋರಿಕೆ ಹೆಚ್ಚುತ್ತದೆ. 2000ದಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಕೆ.ಜಿ.ಗೆ 12 ಎಂ.ಎಲ್. ಪಡೆದ ರೋಗಿಗಳಲ್ಲಿ ಸುಮಾರು 40% ಸತ್ತರು, 6 ಪಡೆದವರಲ್ಲಿ 31%.

ಉಸಿರು ಒಳಗೆ ಹೋದ ಮೇಲೆ ಅರೆಕ್ಷಣ ತಡೆದು ಶ್ವಾಸಕೋಶದೊಳಗಿನ ಒತ್ತಡ, ಅಂದರೆ ಪ್ಲ್ಯಾಟೋ ಒತ್ತಡ ನೋಡಿದೆ: 32. ಶ್ವಾಸಕೋಶ ಬಿಗಿಯಾಗಿದೆ ಅಂತ ಗೊತ್ತಾಗುವುದು ಇಲ್ಲೇ. 30 ದಾಟಬಾರದು. ಉಸಿರನ್ನು 310ಕ್ಕೆ ಇಳಿಸಿ, ನಿಮಿಷಕ್ಕೆ 28 ಸಲ ಮಾಡಿದೆ. ಪ್ಲ್ಯಾಟೋ 28ಕ್ಕೆ ಬಂತು. ಕಾರ್ಬನ್ ಡೈಆಕ್ಸೈಡ್ ಏರಿತು, ರಕ್ತದ ಪಿಎಚ್ 7.24ಕ್ಕೆ ಇಳಿಯಿತು. ಅದನ್ನು ಸರಿಮಾಡಲು ಹೋಗಲಿಲ್ಲ, ಆ ಮಟ್ಟ ಸಹಿಸಬಹುದು.

ಆಮ್ಲಜನಕ ಮಾತ್ರ ಏರಲಿಲ್ಲ. ಹಾಗಾಗಿ ಬೋರಲು ಮಲಗಿಸಿದೆವು. ಅಂಗಾತ ಮಲಗಿದಾಗ ಬೆನ್ನಿನ ಕಡೆಯ ಭಾಗ ಭಾರಕ್ಕೆ ಮುಚ್ಚಿಕೊಳ್ಳುತ್ತದೆ, ಆದರೂ ರಕ್ತ ಅಲ್ಲಿಗೇ ಹೆಚ್ಚು ಹರಿಯುತ್ತದೆ. ತಿರುಗಿಸಿದರೆ ಅದು ತೆರೆಯುತ್ತದೆ. ತಲೆಯ ಹತ್ತಿರ ನಿಂತವರ ಮುಖ್ಯ ಕೆಲಸ ಗಂಟಲ ಟ್ಯೂಬ್ ಹಿಡಿಯುವುದು. ಎಲ್ಲರೂ ಒಟ್ಟಿಗೆ ತಿರುಗಿಸಲು ಎಣಿಸುವವರೂ ಅವರೇ. ನಮ್ಮ ಸಿಸ್ಟರ್‌ಗಳು ಇದರಲ್ಲಿ ನನಗಿಂತ ಚುರುಕು. ಕಣ್ಣು, ಗಲ್ಲ, ಮಂಡಿ ಒತ್ತದಂತೆ ದಿಂಬು ಇಟ್ಟರು. 16 ಗಂಟೆ ಹಾಗೇ ಬಿಟ್ಟೆವು. ಒಂದೆರಡು ಗಂಟೆಗೆ ತೆಗೆದುಬಿಟ್ಟರೆ ಸುಮ್ನೆ ಮಾಡಿದ ಹಾಗೆ.

ಕೊನೆಗೆ 60% ಆಮ್ಲಜನಕದಲ್ಲೇ ಒತ್ತಡ 88 ಬಂತು. ಬಿಪಿ ಸ್ಥಿರವಾದ ಮೇಲೆ ಡ್ರಿಪ್ ಕಡಿಮೆ ಮಾಡಿದೆವು. ಸೋರುವ ನಾಳಗಳಿಗೆ ಇನ್ನಷ್ಟು ನೀರು ಯಾಕೆ? ಮರುದಿನ ಅಂಗಾತ ತಿರುಗಿಸಿದ ಮೇಲೆ ಆಮ್ಲಜನಕ ಮತ್ತೆ ಸ್ವಲ್ಪ ಇಳಿಯಿತು, ಇನ್ನೊಂದು ಸುತ್ತು ಬೋರಲು ಹಾಕಿದೆವು.