ನೀರಿದ್ದೂ ಬಾಡಿದ ಮೆಣಸಿನ ಗಿಡ: ನಾಲ್ಕು ಬಗೆಯ ಕುಂಡಗಳ ನನ್ನ ಅನುಭವ

ನಮ್ಮ ಮನೆ ಬೆಂಗಳೂರಿನಲ್ಲಿ, ಮೂರನೇ ಮಹಡಿಯಲ್ಲಿ. ಬಾಲ್ಕನಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಒಂದೂವರೆಗೆ ಒಳಗೆ ಬಂದ ಬಿಸಿಲು ಸಂಜೆ ಆರರ ತನಕ ಕದಲುವುದಿಲ್ಲ. 2024ರ ಬೇಸಿಗೆ ನೆನಪಿದೆ ಅಲ್ವಾ? ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆ ಮಾರ್ಚ್‌ನಲ್ಲಿ ಹೇಳಿತ್ತು. ನಮ್ಮ ಗಿಡಗಳಿಗೆ ಉಳಿದದ್ದು ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮಾತ್ರ. ಯಾವ ಕುಂಡ ಎಷ್ಟು ನೀರು ಕುಡಿಯುತ್ತದೆ ಎಂದು ನಾನು ಅಳೆಯಲು ಶುರು ಮಾಡಿದ್ದು ಆಗಲೇ.

ಜನವರಿ ಕೊನೆಯಲ್ಲಿ ನಾಲ್ಕು ಮೆಣಸಿನ ಸಸಿ ನೆಟ್ಟಿದ್ದೆ. ಒಂದು ಮಣ್ಣಿನ ಕುಂಡದಲ್ಲಿ, ಒಂದು ಕಪ್ಪು ಪ್ಲಾಸ್ಟಿಕ್ ಪಾಟ್‌ನಲ್ಲಿ, ಒಂದು ಸಿಮೆಂಟ್ ಕುಂಡದಲ್ಲಿ, ಇನ್ನೊಂದು ಬಟ್ಟೆಯ ಗ್ರೋ ಬ್ಯಾಗಿನಲ್ಲಿ. ಎಲ್ಲವೂ ಹೆಚ್ಚುಕಡಿಮೆ 12 ಇಂಚಿನವು. ಮಣ್ಣೂ ಒಂದೇ: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ. ಬಟ್ಟೆಯ ಬ್ಯಾಗ್ ಅಂದರೆ ಕಂಬಳಿಯ ಹಾಗೆ ದಪ್ಪಗಿರುವ, ಗಾಳಿಯಾಡುವ ಬಟ್ಟೆಯದ್ದು. ಟಾರ್ಪಾಲಿನ ಹಾಗಿರುವ ಹಸಿರು ಚೀಲವನ್ನೂ ಅಂಗಡಿಯಲ್ಲಿ ಗ್ರೋ ಬ್ಯಾಗ್ ಅಂತಲೇ ಕೊಡುತ್ತಾರೆ. ಅದರಿಂದ ಗಾಳಿ ಹೋಗುವುದಿಲ್ಲ, ಅದನ್ನು ಪ್ಲಾಸ್ಟಿಕ್ ಅಂತಲೇ ಲೆಕ್ಕ ಹಾಕಬೇಕು.

ಅಳತೆ ಸುಲಭ. ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಮನೆಯಲ್ಲಿತ್ತು. ಬೆಳಗ್ಗೆ ನೀರು ಹಾಕಿ, ತಳದಿಂದ ಹನಿಯುವುದು ನಿಂತ ಮೇಲೆ ಕುಂಡಕ್ಕೆ ಹಗ್ಗ ಕಟ್ಟಿ ತೂಗುತ್ತಿದ್ದೆ. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ತೂಕ. ಒಂದು ಕೆಜಿ ಕಡಿಮೆಯಾಗಿದ್ದರೆ ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಏಪ್ರಿಲ್ ನಡುವಿನ ಹೊತ್ತಿಗೆ ಪ್ಲಾಸ್ಟಿಕ್ ಪಾಟ್ ದಿನಕ್ಕೆ ಮುಕ್ಕಾಲು ಲೀಟರ್, ಮಣ್ಣಿನ ಕುಂಡ ಸುಮಾರು ಒಂದೂವರೆ ಲೀಟರ್, ಬಟ್ಟೆಯ ಬ್ಯಾಗ್ ಎರಡರ ಹತ್ತಿರ ಕುಡಿಯುತ್ತಿತ್ತು. ಸಿಮೆಂಟ್ ಕುಂಡ ಎತ್ತಲು ಆಗದ ಭಾರ. ಅದಕ್ಕೆ ಬೆರಳು ಚುಚ್ಚಿ ಹದ ನೋಡುತ್ತಿದ್ದೆ.

ನೀರಿನ ಲೆಕ್ಕ ಮಾತ್ರ ನೋಡಿದರೆ ಪ್ಲಾಸ್ಟಿಕ್ಕೇ ಒಳ್ಳೆಯದು. ಆದರೆ ಮೊದಲು ಕೈಕೊಟ್ಟದ್ದೂ ಅದೇ.

ಪ್ಲಾಸ್ಟಿಕ್ ಪಾಟಿನ ಮೆಣಸಿನ ಗಿಡ ದಿನಾ ಮೂರೂವರೆಗೆಲ್ಲ ಎಲೆ ಇಳಿಬಿಡುತ್ತಿತ್ತು. ಬಾಯಾರಿದೆ ಅಂದುಕೊಂಡು ಸಂಜೆ ಒಂದು ಚೊಂಬು ನೀರು ಜಾಸ್ತಿ ಹಾಕಿದೆ. ಹತ್ತು ದಿನಕ್ಕೆ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು, ಬೆಳಗ್ಗೆಯೂ ಗಿಡ ಚೇತರಿಸಿಕೊಳ್ಳಲಿಲ್ಲ. ಪಾಟನ್ನು ಮಗುಚಿ ಮಣ್ಣಿನ ಮುದ್ದೆಯನ್ನು ಹಾಗೇ ಹೊರಗೆ ತೆಗೆದೆ. ಪೂರ್ವದ ಕಡೆ ಬಿಳಿ ಬೇರುಗಳು ತುಂಬಿಕೊಂಡಿದ್ದವು. ಬಿಸಿಲು ಹೊಡೆಯುವ ಪಶ್ಚಿಮದ ಕಡೆ ಅಂಗೈಯಗಲದ ಜಾಗದಲ್ಲಿ ಒಂದು ಬಿಳಿ ಬೇರೂ ಇರಲಿಲ್ಲ. ಇದ್ದವು ಕಂದು ಎಳೆಗಳು ಮಾತ್ರ. ಎಳೆದರೆ ಸಿಪ್ಪೆ ಬೆರಳಿಗೆ ಅಂಟಿ ಬಂದು, ಒಳಗಿನ ದಾರದಂಥದ್ದು ಉಳಿಯುತ್ತಿತ್ತು. ತಳದಲ್ಲಿ ಚರಂಡಿಯಂಥ ವಾಸನೆ.

ಆಮೇಲೆ ಅಡುಗೆಮನೆಯ ಕಡ್ಡಿ ಥರ್ಮಾಮೀಟರ್ ತಂದು, ಸಂಜೆ ನಾಲ್ಕಕ್ಕೆ ಬಿಸಿಲಿನ ಕಡೆಯ ಅಂಚಿನಿಂದ ಎರಡು ಇಂಚು ಒಳಗೆ ಚುಚ್ಚಿ ನೋಡಿದೆ. ನೆರಳಿನಲ್ಲಿ ಗಾಳಿ 36 ಡಿಗ್ರಿ. ಅದೇ ಅಳತೆಯ ಇನ್ನೊಂದು ಕಪ್ಪು ಪಾಟಿನಲ್ಲಿ ಮಣ್ಣು 44 ಡಿಗ್ರಿ! ಮಣ್ಣಿನ ಕುಂಡದಲ್ಲಿ 33, ಬಟ್ಟೆಯ ಬ್ಯಾಗಿನಲ್ಲಿ 35. ಮಣ್ಣು 35 ದಾಟುತ್ತಿದ್ದ ಹಾಗೆ ಬೇರಿನ ಕೆಲಸ ನಿಧಾನವಾಗುತ್ತದೆ, 40ರ ಮೇಲೆ ಎಳೆಯ ಬೇರು ಸಾಯಲು ಶುರುವಾಗುತ್ತದೆ. ಬೇರು ಬೆಂದ ಗಿಡ ನೀರಿನ ನಡುವೆ ಇದ್ದೂ ನೀರು ಎಳೆಯಲಾರದು. ನಾನು ಹಾಕಿದ ಹೆಚ್ಚಿನ ನೀರು, ಸತ್ತ ಬೇರು ಕೊಳೆಯುವುದಕ್ಕೆ ದಾರಿ ಮಾಡಿತು.

ಹಾಗಾಗಿ ಮಧ್ಯಾಹ್ನ ಗಿಡ ಬಾಡಿದರೆ ನಾನು ಈಗ ಮೊದಲು ಎರಡು ಇಂಚು ಬೆರಳು ಇಳಿಸಿ ನೋಡುತ್ತೇನೆ. ಒಳಗೆ ತೇವ ಇದ್ದರೆ ನೀರು ಹಾಕುವುದಿಲ್ಲ. ಪಾಟಿನ ಬಿಸಿಲಿನ ಕಡೆಗೆ ಮಡಚಿದ ಗೋಣಿಚೀಲ ಕಟ್ಟುತ್ತೇನೆ, ತಳಕ್ಕೆ ಎರಡು ಇಟ್ಟಿಗೆ ಕೊಡುತ್ತೇನೆ. ಗೋಣಿ ಕಟ್ಟಿದ ಮಾರನೇ ದಿನವೇ ಅದೇ ಹೊತ್ತಿಗೆ 37 ಡಿಗ್ರಿ ಬಂತು. ಇನ್ನೊಂದು ಉಪಾಯ ಇನ್ನೂ ಚೆನ್ನಾಗಿದೆ: ಪ್ಲಾಸ್ಟಿಕ್ ಪಾಟನ್ನು ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ತೆಂಗಿನ ನಾರು ತುಂಬುವುದು. ಬಿಸಿಲು ಹೊರಗಿನ ಗೋಡೆಗೆ ಬೀಳುತ್ತದೆ, ಬೇರಿಗೆ ತಟ್ಟುವುದಿಲ್ಲ.

ಮಣ್ಣಿನ ಕುಂಡ ತಂಪಾಗಿರುವುದು ಮಡಕೆಯ ನೀರು ತಂಪಾಗಿರುವ ಕಾರಣಕ್ಕೇ. ಗೋಡೆಯಿಂದ ನೀರು ಆರುವಾಗ ಬಿಸಿಯನ್ನೂ ಒಯ್ಯುತ್ತದೆ. ಜಾಸ್ತಿ ಹೋಗುವ ಆ ಮುಕ್ಕಾಲು ಲೀಟರ್ ಪೋಲು ಅಂತ ನಾನು ಮೊದಲು ಅಂದುಕೊಂಡಿದ್ದೆ, ಈಗ ಅದು ತಂಪಿನ ಬೆಲೆ ಅನ್ನಿಸುತ್ತದೆ. ಆದರೆ ಎರಡು ದಿನ ಊರಿಗೆ ಹೋಗಿ ಕುಂಡ ಪೂರ್ತಿ ಒಣಗಿದರೆ ಆ ತಂಪೂ ಹೋಗುತ್ತದೆ, ಗೋಡೆಗೆ ಅಂಟಿಕೊಂಡ ನವಿರು ಬೇರುಗಳು ಮೊದಲು ಒಣಗುತ್ತವೆ. ಹೊಸ ಕುಂಡವನ್ನು ನೆಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ಇಲ್ಲದಿದ್ದರೆ ಮೊದಲ ನೀರನ್ನೆಲ್ಲ ಕುಂಡವೇ ಹೀರುತ್ತದೆ. ಫಿಲ್ಟರ್‌ನಿಂದ ಹೊರಬರುವ ಉಪ್ಪಿನ ನೀರನ್ನು ಕೆಲವು ವಾರ ಹಾಕಿದ್ದೆ, ಗೋಡೆಯ ಮೇಲೆಲ್ಲ ಬಿಳಿ ಪುಡಿ ಎದ್ದಿತು. ಬಿಟ್ಟುಬಿಟ್ಟೆ.

ಬಟ್ಟೆಯ ಬ್ಯಾಗಿನ ಬೇರು ನೋಡಿದಾಗ ನಿಜಕ್ಕೂ ಖುಷಿಯಾಯಿತು. ಪ್ಲಾಸ್ಟಿಕ್ಕಿನಲ್ಲಿ ಬೇರು ಗೋಡೆ ಸಿಕ್ಕಿದ ತಕ್ಷಣ ತಿರುಗಿ, ಪಾಟಿನ ಸುತ್ತ ಬಳೆಯ ಹಾಗೆ ಸುತ್ತುತ್ತದೆ. ಬಟ್ಟೆಯ ಹತ್ತಿರ ಬಂದ ಬೇರಿನ ತುದಿ ಗಾಳಿ ತಾಗಿ ಒಣಗುತ್ತದೆ, ಹಿಂದಿನಿಂದ ನಾಲ್ಕು ಕವಲು ಒಡೆಯುತ್ತದೆ. ಹಾಗಾಗಿ ಇಡೀ ಮಣ್ಣಿನಲ್ಲಿ ಸಣ್ಣ ಬೇರು ಹರಡಿತ್ತು. ತೊಂದರೆ ಒಂದೇ: ಒಮ್ಮೆ ಪೂರ್ತಿ ಒಣಗಿದರೆ ಕೋಕೋಪೀಟ್ ಕುಗ್ಗಿ, ಹಾಕಿದ ನೀರು ಅಂಚಿನಿಂದ ಸೋರಿ ಹೋಗುತ್ತದೆ. ನೆಲ ಒದ್ದೆ, ನಡುವೆ ಒಣ ಮುದ್ದೆ. ಆಗ ತೂಕ ನೋಡಿದರೆ ಗೊತ್ತಾಗುತ್ತದೆ, ಬ್ಯಾಗ್ ಹಗುರವಾಗಿಯೇ ಇರುತ್ತದೆ. ಅಗಲವಾದ ತಟ್ಟೆಯಲ್ಲಿ ನೀರು ನಿಲ್ಲಿಸಿ ಅರ್ಧ ಗಂಟೆ ಇಟ್ಟರೆ ಕೆಳಗಿನಿಂದ ಹೀರಿಕೊಳ್ಳುತ್ತದೆ. ಮೇಲೆ ಎರಡು ಇಂಚು ಒಣ ತರಗೆಲೆ ಹಾಸಿದ ಮೇಲೆ ನೀರಿನ ಖರ್ಚು ಸ್ವಲ್ಪ ಇಳಿಯಿತು.

ಸಿಮೆಂಟ್ ಕುಂಡ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ನಾಲ್ಕಕ್ಕೆ 38 ಇದ್ದದ್ದು ರಾತ್ರಿ ಎಂಟಕ್ಕೂ 36 ಇತ್ತು. ಉಳಿದವೆಲ್ಲ ಅಷ್ಟರಲ್ಲಿ ತಣ್ಣಗಾಗಿದ್ದವು. ಇನ್ನೊಂದು ತಪ್ಪು ನನ್ನದೇ. ಹೊಸ ಕುಂಡಕ್ಕೆ ನೇರವಾಗಿ ಗಿಡ ನೆಟ್ಟಿದ್ದೆ. ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿದು ಚಿಗುರೆಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರಾಗಿ ಉಳಿದವು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುತ್ತಿಲ್ಲ ಅನ್ನುವ ಗುರುತು ಅದು. ಹೊಸ ಸಿಮೆಂಟ್ ಕುಂಡಕ್ಕೆ ನೀರು ತುಂಬಿಸಿ, ಎರಡು ದಿನಕ್ಕೊಮ್ಮೆ ಚೆಲ್ಲಿ, ಎರಡು ವಾರ ಹೀಗೆ ಮಾಡಿ ಆಮೇಲೆ ನೆಡಬೇಕು.

ಈಗ ಬಾಲ್ಕನಿಯ ಕಂಬಿಯ ಪಕ್ಕ, ಬಿಸಿಲಿಗೆ ಎದುರಾಗಿ, ಮಣ್ಣಿನ ಕುಂಡಗಳಲ್ಲಿ ಮೆಣಸು ಮತ್ತು ತುಳಸಿ ಇವೆ. ಅವುಗಳ ಹಿಂದೆ, ಅವುಗಳ ನೆರಳಿನಲ್ಲೇ, ಪ್ಲಾಸ್ಟಿಕ್ ಪಾಟ್‌ಗಳಲ್ಲಿ ಪುದೀನ, ದೊಡ್ಡಪತ್ರೆ. ದಿನಕ್ಕೆರಡು ಸಲ ನೀರು ಹಾಕಲು ನಾನು ಮನೆಯಲ್ಲಿರುವ ತಿಂಗಳುಗಳಲ್ಲಿ ಟೊಮೆಟೊಗೆ ಬಟ್ಟೆಯ ಬ್ಯಾಗ್. ಸಿಮೆಂಟ್ ಕುಂಡ ಮೂಲೆಯ ಗೋಡೆಯ ಮರೆಗೆ ಹೋಗಿದೆ. ಸುಣ್ಣ ತೊಳೆದುಹೋದ ಮೇಲೆ ಅದರಲ್ಲಿ ಕರಿಬೇವು ನೆಟ್ಟೆ, ಈ ಸಲ ಚಿಗುರು ಹಸಿರಾಗಿಯೇ ಬಂದಿದೆ.