ಗೆಳತಿಯ ಮಾಜಿ ಸಂಗಾತಿಯೊಂದಿಗೆ ಸಂಬಂಧ: ಮೊದಲು ಯಾರಿಗೆ ಹೇಳಿದೆ, ಹೇಗೆ ಹೇಳಿದೆ

ನನ್ನ ಆಪ್ತ ಗೆಳತಿಯೊಂದಿಗೆ ಕೆಲವು ವರ್ಷ ಪ್ರೀತಿಯಲ್ಲಿದ್ದು, ಆಮೇಲೆ ಬೇರೆಯಾದವನೇ ಇಂದು ನನ್ನ ಸಂಗಾತಿ. ನಾವು ಮೂವರೂ ಒಂದೇ ಗೆಳೆಯರ ಗುಂಪಿನವರು. ಅವರಿಬ್ಬರ ಬ್ರೇಕಪ್ ಆದಾಗ ಗುಂಪು ಹೇಗೋ ಒಡೆಯದೆ ಉಳಿದಿತ್ತು. ನಮ್ಮ ವಿಷಯ ಹೊರಬಂದರೆ ಅದು ಒಡೆಯಬಹುದು ಎಂಬ ಭಯ ನನಗೆ ನಿಜವಾಗಿಯೂ ಇತ್ತು. ಇಂಥ ಸ್ಥಿತಿಯಲ್ಲಿರುವವರು ಸಾಮಾನ್ಯವಾಗಿ ಕೇಳುವುದು ಇದು ಸರಿಯೋ ತಪ್ಪೋ ಎಂದು. ಅದಕ್ಕೆ ಒಬ್ಬೊಬ್ಬರ ಉತ್ತರ ಒಂದೊಂದು. ಆದರೆ ಗೆಳೆತನ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು, ವಿಷಯ ಯಾರಿಗೆ ಮೊದಲು ತಿಳಿಯಿತು ಮತ್ತು ಯಾರ ಬಾಯಿಂದ ತಿಳಿಯಿತು ಎಂಬುದೇ ಎಂದು ನಾನು ಕಂಡುಕೊಂಡಿದ್ದೇನೆ.

ಗೆಳತಿಗೆ ನೋವಾಗುವುದು ಅವನು ಕೈತಪ್ಪಿದ್ದಕ್ಕೆ ಎಂದು ಹೊರಗಿನವರು ಭಾವಿಸುತ್ತಾರೆ. ನಮ್ಮ ವಿಷಯದಲ್ಲಿ ಹಾಗಿರಲಿಲ್ಲ; ಬೇರೆಯಾಗುವ ನಿರ್ಧಾರ ಅವಳದೇ ಆಗಿತ್ತು, ಅವನು ಮರಳಿ ಬರಲಿ ಎಂಬ ಆಸೆಯೂ ಅವಳಿಗಿರಲಿಲ್ಲ. ಅವಳನ್ನು ಕಾಡಿದ್ದು ಬೇರೆ. ನಾನೂ ಅವನೂ ಹತ್ತಿರವಾದೆವು ಎಂದು ಕೇಳಿದ ಕ್ಷಣದಿಂದ ಅವಳು ತನ್ನ ಹಳೆಯ ದಿನಗಳನ್ನೆಲ್ಲ ಮತ್ತೆ ತಿರುವಿ ನೋಡತೊಡಗಿದಳು. ತಾವಿಬ್ಬರೂ ಜೊತೆಯಲ್ಲಿದ್ದಾಗಲೇ ಇದು ಶುರುವಾಗಿತ್ತೇ, ಬೇರೆಯಾಗು ಎಂದು ನಾನು ಅವಳಿಗೆ ಸಲಹೆ ಕೊಟ್ಟಿದ್ದರ ಹಿಂದೆ ನನ್ನ ಸ್ವಾರ್ಥವಿತ್ತೇ ಎಂಬ ಅನುಮಾನಗಳು ಎದ್ದವು. ಅದಕ್ಕಿಂತ ಆಳದ ಇನ್ನೊಂದು ನೋವೂ ಇತ್ತು. ಅವನ ಬಗ್ಗೆ, ತನ್ನ ಬಗ್ಗೆ ರಾತ್ರಿಗಟ್ಟಲೆ ನನ್ನೊಂದಿಗೆ ಹೇಳಿಕೊಂಡದ್ದೆಲ್ಲ ಈಗ ಅವನ ಪಕ್ಕದಲ್ಲೇ ಕುಳಿತಿದೆಯಲ್ಲ ಎಂಬ ಆತಂಕ ಅದು. ಈ ಎರಡನ್ನು ಅರ್ಥಮಾಡಿಕೊಂಡರೆ, ಏನು ಹೇಳಬೇಕು, ಏನನ್ನು ಎಂದಿಗೂ ಹೇಳಬಾರದು ಎಂಬುದು ಬಹುಮಟ್ಟಿಗೆ ತಾನಾಗಿ ಹೊಳೆಯುತ್ತದೆ.

ಯಾವಾಗ ಹೇಳುವುದು ಎಂಬುದೇ ಮೊದಲ ಇಕ್ಕಟ್ಟು. ಒಂದೆರಡು ಭೇಟಿಗೇ ಹೇಳಿದರೆ, ನಾಳೆ ನಿಂತುಹೋಗಬಹುದಾದ ಒಂದು ಸಣ್ಣ ಆಕರ್ಷಣೆಗಾಗಿ ಅವಳ ನೆಮ್ಮದಿ ಕೆಡಿಸಿದಂತಾಗುತ್ತದೆ. ತಿಂಗಳುಗಟ್ಟಲೆ ತಡಮಾಡಿದರೆ ಮುಚ್ಚಿಟ್ಟದ್ದೇ ದೊಡ್ಡ ದ್ರೋಹವಾಗಿ ಕಾಣುತ್ತದೆ. ಇದನ್ನು ಮುಂದುವರಿಸುತ್ತೇವೆ ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡ ಮೇಲೆ, ಜೋಡಿಯಾಗಿ ಯಾರ ಕಣ್ಣಿಗೂ ಬೀಳುವ ಮೊದಲು, ಅವಳಿಗೆ ತಿಳಿಸಬೇಕು ಎಂದು ನಾವು ಗೆರೆ ಎಳೆದುಕೊಂಡೆವು. ಅಷ್ಟರೊಳಗೆ ಯಾರಾದರೂ ನಮ್ಮನ್ನು ಒಟ್ಟಿಗೆ ಕಂಡರೆ, ಅಂದೇ ಹೇಳಿಬಿಡುವುದೆಂದೂ ಒಪ್ಪಿಕೊಂಡಿದ್ದೆವು. ಅಲ್ಲಿಯವರೆಗೆ ಗುಂಪಿನ ಬೇರೆ ಯಾರಿಗೂ, ನನಗೆ ಅವಳಷ್ಟೇ ಹತ್ತಿರದವರಿಗೂ, ನಾನು ಬಾಯಿ ಬಿಡಲಿಲ್ಲ. ತನಗಿಂತ ಮೊದಲು ಇನ್ನೊಬ್ಬರಿಗೆ ಗೊತ್ತಿತ್ತು ಎಂದು ತಿಳಿದಾಗ ಆಗುವ ಅವಮಾನವನ್ನು ಆಮೇಲೆ ಯಾವ ವಿವರಣೆಯೂ ಅಳಿಸಲಾರದು.

ಹೇಳಲು ಹೋದದ್ದು ನಾನೊಬ್ಬಳೇ. ಅವನೂ ಬರುತ್ತೇನೆಂದ, ಬೇಡವೆಂದೆ. ಇಬ್ಬರು ಒಂದು ಕಡೆ, ಅವಳೊಬ್ಬಳು ಇನ್ನೊಂದು ಕಡೆ ಕುಳಿತರೆ ಅದು ಮಾತುಕತೆಯಾಗಿ ಉಳಿಯುವುದಿಲ್ಲ, ತೀರ್ಪು ಓದಿ ಹೇಳಿದಂತಾಗುತ್ತದೆ. ಅವಳ ಮನೆಗೇ ಹೋದೆ. ನನ್ನ ಮನೆಗೆ ಕರೆಸಿದ್ದರೆ, ಕೇಳಿದ ಮೇಲೆ ಎದ್ದು ಹೋಗಬೇಕಾದ ಕಷ್ಟ ಅವಳದಾಗುತ್ತಿತ್ತು. ಅವಳ ಮನೆಯಲ್ಲಾದರೆ "ನೀನು ಈಗ ಹೊರಡು" ಎನ್ನುವ ಹಕ್ಕು ಅವಳಿಗಿರುತ್ತದೆ. ಮಾರನೆಯ ದಿನ ಅವಳಿಗೆ ಕೆಲಸದ ಒತ್ತಡವಿಲ್ಲ ಎಂಬುದನ್ನೂ ಮೊದಲೇ ನೋಡಿಕೊಂಡಿದ್ದೆ. ಲೋಕಾಭಿರಾಮವಾಗಿ ಬಹಳ ಹೊತ್ತು ಮಾತನಾಡಿ ಕೊನೆಗೆ ಈ ಬಾಂಬು ಹಾಕುವುದು ನನಗೆ ಇಷ್ಟವಿರಲಿಲ್ಲ. ಕುಳಿತ ತಕ್ಷಣವೇ ಹೇಳಿದೆ: "ಒಂದು ವಿಷಯ ಹೇಳಬೇಕು ಕಣೇ, ನಿನಗೆ ಕಷ್ಟವಾಗಬಹುದು. ಅವನೂ ನಾನೂ ಇತ್ತೀಚೆಗೆ ಹತ್ತಿರವಾಗಿದ್ದೇವೆ, ಮುಂದುವರಿಸಬೇಕು ಅಂದುಕೊಂಡಿದ್ದೇವೆ. ಇದು ಇನ್ನೂ ಯಾರಿಗೂ ಗೊತ್ತಿಲ್ಲ, ನಿನಗೇ ಮೊದಲು ಹೇಳುತ್ತಿರುವುದು."

"ನಿನಗೆ ಪರವಾಗಿಲ್ಲ ತಾನೇ?" ಎಂದು ನಾನು ಕೇಳಲಿಲ್ಲ. ಒಪ್ಪಿಗೆ ಕೇಳುವುದು ವಿನಯದಂತೆ ಕಾಣುತ್ತದೆ, ಆದರೆ ಅದು ಅವಳನ್ನು ಮೂಲೆಗೆ ತಳ್ಳುತ್ತದೆ. ಇಲ್ಲವೆಂದರೆ ಅವಳು ಕೆಟ್ಟವಳಾಗುತ್ತಾಳೆ. ಹೂಂ ಎಂದರೆ ನಾಳೆ ನೋವಾದಾಗ ಅದನ್ನು ಹೇಳಿಕೊಳ್ಳುವ ಬಾಯಿ ಕಳೆದುಕೊಳ್ಳುತ್ತಾಳೆ. ಅವಳು ಬೇಡವೆಂದರೂ ಬಿಡುವ ಮನಸ್ಸು ನಮಗಿರಲಿಲ್ಲ ಎಂದ ಮೇಲೆ, ಆ ಪ್ರಶ್ನೆಯಲ್ಲಿ ಪ್ರಾಮಾಣಿಕತೆಯೂ ಇರುತ್ತಿರಲಿಲ್ಲ. "ಯಾರಿಗೂ ಹೇಳಬೇಡ" ಎಂದೂ ಕೇಳಿಕೊಳ್ಳಲಿಲ್ಲ, ಏಕೆಂದರೆ ಈಗ ಅವಳಿಗೆ ಯಾರ ಬಳಿಯಾದರೂ ಅತ್ತು ಹಗುರಾಗುವ ಅಗತ್ಯ ನನಗಿಂತ ಹೆಚ್ಚಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗಿನಿಂದ?" ಇದಕ್ಕೆ ನಾನು ತಯಾರಾಗಿಯೇ ಹೋಗಿದ್ದೆ. "ಮೊನ್ನೆ ಮೊನ್ನೆ" ಎಂಬಂಥ ಜಾರಿಕೆಯ ಉತ್ತರ ಇಲ್ಲಿ ವಿಷವಿದ್ದಂತೆ. ಯಾವ ತಿಂಗಳಲ್ಲಿ, ಯಾವ ಸಂದರ್ಭದಲ್ಲಿ ನಮ್ಮ ಮಾತು ಬದಲಾಯಿತು, ಅದಕ್ಕಿಂತ ಮೊದಲು ಏನಿರಲಿಲ್ಲ ಎಂಬುದನ್ನು ನೇರವಾಗಿ ಹೇಳಿದೆ. ಅವನನ್ನು ಕೇಳಿದರೂ ಇದೇ ಉತ್ತರ ಬರಬೇಕೆಂದು, ನಾವಿಬ್ಬರೂ ಮೊದಲೇ ಕುಳಿತು ನೆನಪುಗಳನ್ನು ತಾಳೆ ನೋಡಿದ್ದೆವು. ಅದಾದ ಮೇಲೆ ಅವನನ್ನು ಹೊಗಳಲಿಲ್ಲ, ನಮ್ಮ ಪ್ರೀತಿ ಎಷ್ಟು ನಿಜವೆಂದು ವಿವರಿಸಲಿಲ್ಲ. ಆ ಮಾತುಗಳಿಂದ ಅವಳಿಗೆ ಸಿಗುವುದೇನೂ ಇರಲಿಲ್ಲ.

"ಸರಿ ಬಿಡು, ನನಗೇನಂತೆ" ಎಂದು ಅವಳು ಬೇಗನೇ ಮಾತು ಮುಗಿಸಿದಳು. ಅದನ್ನು ಒಪ್ಪಿಗೆ ಎಂದುಕೊಂಡು ನೆಮ್ಮದಿಯಾಗಿ ಮಲಗುವವರು ಬಹಳ. ನಿಜವಾದ ಉತ್ತರ ಮುಂದಿನ ವಾರಗಳಲ್ಲಿ ಬರುತ್ತದೆ. ಮೊದಲಾಗಿದ್ದರೆ ನನ್ನ ಒಂದು ಸಂದೇಶಕ್ಕೆ ಧ್ವನಿಸಂದೇಶಗಳ ಸಾಲನ್ನೇ ಕಳಿಸುತ್ತಿದ್ದವಳು ಒಂದು ಹೆಬ್ಬೆರಳಿನ ಚಿಹ್ನೆ ಕಳಿಸಿ ಸುಮ್ಮನಾಗುತ್ತಿದ್ದಳು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾನು ಏನಾದರೂ ಬರೆದರೆ ಅವಳ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವಳು ತಾನಾಗಿ ಮಾತನಾಡುವವರೆಗೆ ಬೆನ್ನು ಹತ್ತಬಾರದೆಂದು ನಿರ್ಧರಿಸಿ ಒಂದೇ ಸಂದೇಶ ಬರೆದೆ: "ನಿನಗೆ ಸಮಯ ಬೇಕಾಗಿರಬಹುದು. ನಾನಾಗಿ ಕಾಡುವುದಿಲ್ಲ. ಬೈಯಬೇಕು ಅನ್ನಿಸಿದರೂ ಫೋನ್ ಮಾಡು, ಎತ್ತುತ್ತೇನೆ." ಬಹಳ ದಿನಗಳ ನಂತರ ಫೋನ್ ಬಂತು, ಬೈಗುಳವೂ ಬಂತು. ನಾನು ಕೇಳಿಸಿಕೊಂಡೆ. ಸುಳ್ಳಾದ ಒಂದು ಆರೋಪವನ್ನು ಮಾತ್ರ ಅಲ್ಲಗಳೆದೆ, ಉಳಿದದ್ದಕ್ಕೆ ಪ್ರತಿವಾದ ಹೂಡಲಿಲ್ಲ. ನಮ್ಮ ನಡುವೆ ಏನಾದರೂ ಸರಿಹೋಗಲು ಆರಂಭವಾದದ್ದು ಆ ಫೋನಿನಿಂದಲೇ.

ಅವಳು ನಂಬಿ ಹೇಳಿದ್ದ ಗುಟ್ಟುಗಳ ವಿಷಯದಲ್ಲಿ ನಾನು ಅತ್ಯಂತ ಕಟ್ಟುನಿಟ್ಟಾಗಿದ್ದೇನೆ. ಅವನ ಬಗ್ಗೆ ಅವಳು ಹೇಳಿದ್ದು ಅವನಿಗೆ ತಲುಪುವುದಿಲ್ಲ, ಅವಳ ಬಗ್ಗೆ ಅವನು ಹೇಳಲು ಹೊರಟರೆ ನಾನು ಕೇಳಿಸಿಕೊಳ್ಳುವುದಿಲ್ಲ ಎಂಬುದು ನಿಯಮ. ಬರೆಯಲು ಇದು ಸುಲಭ, ಜಗಳದ ನಡುವೆ ಪಾಲಿಸುವುದು ಕಷ್ಟ. ಸಿಟ್ಟು ಬಂದರೆ ಅವನು ದಿನವಿಡೀ ಮೌನವಾಗುತ್ತಾನೆ. ಇದೇ ಮೌನದ ಬಗ್ಗೆ ಅವಳು ಹಿಂದೆ ನನ್ನೊಂದಿಗೆ ಅತ್ತಿದ್ದಳು. ಒಮ್ಮೆ ನಮ್ಮ ಜಗಳದಲ್ಲಿ "ಅವಳು ಹೇಳಿದ್ದು ನಿಜ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ನೀನು ಹೀಗೆ ಸುಮ್ಮನಾದರೆ ನನಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ" ಎಂದು ನಾನು ಕಂಡದ್ದನ್ನು ನನ್ನ ಮಾತಿನಲ್ಲೇ ಹೇಳಿದೆ. ಆ ಒಂದು ವಾಕ್ಯ ಹೊರಬಿದ್ದಿದ್ದರೆ ಅವನು ಅವಳ ಮೇಲೆ ಕೋಪಗೊಳ್ಳುತ್ತಿದ್ದ, ಆ ಕೋಪ ಗುಂಪಿನ ಮುಂದಿನ ಭೇಟಿಯಲ್ಲಿ ಅವನ ಮುಖದಲ್ಲೇ ಕಾಣುತ್ತಿತ್ತು, ತಾನು ಹೇಳಿದ್ದು ಎಲ್ಲಿಗೆ ತಲುಪಿದೆ ಎಂದು ಅವಳಿಗೆ ಕ್ಷಣಮಾತ್ರದಲ್ಲಿ ತಿಳಿಯುತ್ತಿತ್ತು.

ಗುಂಪಿಗೆ ತಿಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಘೋಷಣೆ ಹಾಕಲಿಲ್ಲ. ಅಲ್ಲಿ ಹಾಕಿದರೆ ಅವಳೆದುರಿಗೇ ಎಲ್ಲರೂ ಶುಭಾಶಯ ಹೇಳಬೇಕೋ ಬೇಡವೋ ಎಂಬ ಮುಜುಗರಕ್ಕೆ ಬೀಳುತ್ತಾರೆ. ಒಬ್ಬೊಬ್ಬರಿಗೂ ಬೇರೆಯಾಗಿ, ಅವಳಿಗೆ ಈಗಾಗಲೇ ಗೊತ್ತಿದೆ ಎಂದು ಸೇರಿಸಿ ಹೇಳಿದೆವು. ಆಗ ನಮ್ಮಲ್ಲೊಬ್ಬಳು ತಾನಾಗಿ ಸಂಧಾನಕಾರ್ತಿಯ ಪಾತ್ರ ವಹಿಸಿಕೊಂಡು, ಅವಳು ಹೀಗಂದಳು, ಹಾಗಂದಳು ಎಂದು ನನಗೆ ವರದಿ ಒಪ್ಪಿಸತೊಡಗಿದಳು. ಮನಸ್ಸು ಒಳ್ಳೆಯದೇ ಇದ್ದಿರಬಹುದು, ಆದರೆ ದಾರಿಯಲ್ಲಿ ಮಾತು ಬೆಳೆಯುತ್ತದೆ. "ಅದನ್ನು ಅವಳೇ ನನಗೆ ಹೇಳಲಿ. ನೀನು ಅವಳ ಜೊತೆ ಇರು, ಸಾಕು" ಎಂದೆ. ಹಲವು ಸಲ ಹೇಳಬೇಕಾಯಿತು.

ಕೂಟಗಳ ವಿಷಯಕ್ಕೆ ಬಂದರೆ, ಆರಂಭದಲ್ಲಿ ಅವಳೇ ಮೊದಲು, ನಾವು ಆಮೇಲೆ ಎಂದು ನಿರ್ಧರಿಸಿದೆವು. ಕರೆಯುವವರಿಗೆ ನಾನೇ ಹೇಳುತ್ತಿದ್ದೆ: ಅವಳನ್ನು ಕೇಳಿ, ಅವಳು ಬರುತ್ತಾಳೆಂದರೆ ನಮ್ಮಲ್ಲಿ ಒಬ್ಬರು ಬರುತ್ತೇವೆ ಅಥವಾ ಇಬ್ಬರೂ ಬರುವುದಿಲ್ಲ, ಅದಕ್ಕಾಗಿ ನಿಮ್ಮ ಮೇಲೆ ಬೇಸರವಿಲ್ಲ. ಮೂವರೂ ಒಂದೇ ಕಡೆ ಸೇರಿದ್ದು ಗುಂಪಿನ ಒಬ್ಬನ ಮದುವೆಯಲ್ಲಿ, ಅದು ಯಾರೂ ತಪ್ಪಿಸುವಂಥದ್ದಲ್ಲ. ನಾವಿಬ್ಬರೂ ಬರುತ್ತೇವೆ ಎಂದು ಅವಳಿಗೆ ಮುಂಚೆಯೇ ತಿಳಿಸಿದ್ದೆ. ಅಲ್ಲಿ ಅಂಟಿಕೊಂಡು ಓಡಾಡಲಿಲ್ಲ, ಹಾಗೆಂದು ಅಪರಿಚಿತರಂತೆ ನಟಿಸಲೂ ಇಲ್ಲ. ಅವಳಿದ್ದ ಕಡೆಗೆ ನಾನೊಬ್ಬಳೇ ಹೋಗಿ ಮಾತನಾಡಿಸಿ, ಊಟ ಮುಗಿದ ಮೇಲೆ ಬೇಗ ಹೊರಟೆವು. ಇಬ್ಬರ ಜೋಡಿ ಚಿತ್ರಗಳನ್ನು ಆ ವರ್ಷವೆಲ್ಲ ಎಲ್ಲಿಯೂ ಹಾಕಲಿಲ್ಲ.

ಇಷ್ಟೆಲ್ಲ ಮಾಡಿದರೂ ಎಲ್ಲವೂ ಉಳಿಯಲಿಲ್ಲ. ಗುಂಪಿನ ಒಬ್ಬ ಗೆಳತಿ ನನ್ನೊಂದಿಗೆ ಮಾತು ಬಿಟ್ಟಳು, ಇಂದಿಗೂ ಬಿಟ್ಟೇ ಇದ್ದಾಳೆ. ಒಂದು ಸಲ ಮಾತನಾಡಲು ಪ್ರಯತ್ನಿಸಿದೆ, ಬೇಡವೆಂದಳು, ಅಲ್ಲಿಗೆ ಬಿಟ್ಟೆ. ಈ ಕ್ರಮವೆಲ್ಲ ಕೆಲಸಕ್ಕೆ ಬಾರದ ಸಂದರ್ಭಗಳೂ ಇವೆ. ಅವನು ಅವಳ ಮೇಲೆ ಕೈ ಮಾಡಿದ್ದರೆ, ಬೆದರಿಸಿದ್ದರೆ, ಎಷ್ಟೇ ನಯವಾಗಿ ಹೇಳಿದರೂ ಅವಳ ಪಾಲಿಗೆ ನಾನು ಅಪಾಯವನ್ನೇ ಮನೆಯೊಳಗೆ ಕರೆತಂದವಳಾಗುತ್ತಿದ್ದೆ. ಅಂಥ ಕಡೆ ನಾನು ಹೆಜ್ಜೆಯನ್ನೇ ಇಡುತ್ತಿರಲಿಲ್ಲ. ವಿಚ್ಛೇದನವೋ ಮಕ್ಕಳ ವಿಷಯವೋ ಇನ್ನೂ ಇತ್ಯರ್ಥವಾಗದಿದ್ದರೆ, ಅದು ಮುಗಿಯುವವರೆಗೆ ಕಾಯುವುದೇ ಸರಿಯೆಂದು ನನ್ನ ಅಭಿಪ್ರಾಯ.

ಅವಳೂ ನಾನೂ ಈಗ ಮತ್ತೆ ಮಾತನಾಡುತ್ತೇವೆ: ಕೆಲಸದ ಬಗ್ಗೆ, ಅಪ್ಪ ಅಮ್ಮನ ಆರೋಗ್ಯದ ಬಗ್ಗೆ. ಪ್ರೀತಿ ಪ್ರೇಮದ ಮಾತುಗಳನ್ನು ಅವಳು ಬೇರೊಬ್ಬ ಗೆಳತಿಯ ಬಳಿ ಹೇಳಿಕೊಳ್ಳುತ್ತಾಳೆ, ಅದನ್ನು ಮರಳಿ ಕೊಡೆಂದು ನಾನು ಕೇಳಿಲ್ಲ. ಅವನೂ ನಾನೂ ಮಾತ್ರ ಇನ್ನೊಂದು ವಿಷಯವನ್ನು ಈಗಲೇ ಮಾತನಾಡಿ ಇಟ್ಟುಕೊಂಡಿದ್ದೇವೆ: ನಾಳೆ ನಾವು ಬೇರೆಯಾದರೆ ಇಬ್ಬರೂ ಗುಂಪನ್ನು ಬಿಡುವುದಿಲ್ಲ, ಗೆಳೆಯರ ಮುಂದೆ ಒಬ್ಬರ ಮೇಲೊಬ್ಬರು ದೂರುವುದಿಲ್ಲ, ಮತ್ತು ಆ ಸುದ್ದಿಯೂ ಮೊದಲು ಅವಳಿಗೆ ನಮ್ಮಿಂದಲೇ ತಿಳಿಯಬೇಕು.